ಏನೈತೆ? ನೋಡಿ ಹೇಳು: ಎರಡನೇ ತರಗತಿಯ ರಸ್ತೆ ನಾಟಕವೊಂದರ ಪ್ರಕರಣ ಅಧ್ಯಯನ

ಚಿಂತಾಮಣಿ ಕಡೆಯ ಒಂದು ಊರು. ಮನೆಗಳೆಲ್ಲ ರಸ್ತೆಯ ಒಂದು ಬದಿಗೆ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇನ್ನೊಂದು ಬದಿಗೆ. ಊರಿನ ಹೆಸರು ಇಲ್ಲಿ ಬೇಡ. ಗುರುತು ಸಿಗದಂತೆ ಒಂದೆರಡು ವಿವರಗಳನ್ನೂ ಬದಲಿಸಲಾಗಿದೆ. ರಸ್ತೆ ಮಾತ್ರ ಇದ್ದ ಹಾಗೇ ಇದೆ: ಎರಡು ಲೇನಿನದು, ಡಾಂಬರಿನ ಅಗಲ ಸುಮಾರು 7 ಮೀಟರ್, ನಡುವೆ ಡಿವೈಡರ್ ಇಲ್ಲ, ಅಂಚಿನಲ್ಲಿ ಫುಟ್‌ಪಾತ್ ಇಲ್ಲ. ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಟೊಮ್ಯಾಟೊ ಕ್ರೇಟು ತುಂಬಿದ ಟೆಂಪೋಗಳು ಮಾರ್ಕೆಟ್ ಕಡೆ ಓಡುತ್ತವೆ, ಹಾಲಿನ ಡೈರಿಯ ಗಾಡಿ ಬರುತ್ತದೆ, ಜಲ್ಲಿ ತುಂಬಿದ ಟಿಪ್ಪರ್‌ಗಳು ಓಡಾಡುತ್ತವೆ. ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತದೆ. ಸಿಗ್ನಲ್ ದೀಪ ಆ ಹೋಬಳಿಯಲ್ಲೇ ಇಲ್ಲ.

ನಲಿ-ಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು, ಕೆಲವರದ್ದು ಉರ್ದು. ಜನವರಿಯ ರಸ್ತೆ ಸುರಕ್ಷತಾ ಕಾರ್ಯಕ್ರಮಕ್ಕೆ ಒಂದು ನಾಟಕ ಮಾಡಿಸಿ, ಅದನ್ನೇ 26ರ ಗಣರಾಜ್ಯೋತ್ಸವದಲ್ಲೂ ಆಡಿಸಬೇಕೆಂದು ತೀರ್ಮಾನವಾಯಿತು. ಎರಡನೇ ತರಗತಿಯವರೇ ಮುಖ್ಯ ಪಾತ್ರ, ಮಿಕ್ಕವರು ದನಿಗೂಡಿಸಬೇಕು. ಸಮಯ ಆರು ನಿಮಿಷ.

ಮೊದಲು ಕೈಗೆ ಸಿಕ್ಕಿದ್ದು ಎಲ್ಲ ಕಡೆ ಆಡುವಂಥದ್ದೇ ಒಂದು ನಾಟಕ. ಕೆಂಪು, ಹಳದಿ, ಹಸಿರು ದೀಪಗಳಾಗಿ ಮೂವರು ಮಕ್ಕಳು, ಒಬ್ಬ ಪೊಲೀಸ್ ಮಾಮ, ಲಾರಿಗೆ ಸಿಕ್ಕು ಬೀಳುವ ಒಬ್ಬ ಹುಡುಗ, ಕೊನೆಗೆ ಯಮಧರ್ಮನ ಪ್ರವೇಶ. ಅಭ್ಯಾಸ ಶುರುವಾದ ವಾರದೊಳಗೇ ಮೂರು ತೊಂದರೆಗಳು ಕಂಡವು. ದೀಪದ ಬಗ್ಗೆ ಹೇಳಿದ್ದು ಮಕ್ಕಳಿಗೆ ಬಾಯಿಪಾಠವಾಯಿತು, ಆದರೆ ಅವರು ದಿನಾ ದಾಟುವ ರಸ್ತೆಗೆ ಅದರಿಂದ ಏನೂ ಸಿಗಲಿಲ್ಲ. ಬೀಳುವ ಪಾತ್ರಕ್ಕೆ ಪೈಪೋಟಿ ಬಿತ್ತು. ದಡಾರನೆ ಬಿದ್ದರೆ ಎಲ್ಲರೂ ನಗುತ್ತಿದ್ದರು, ಊಟದ ಬಿಡುವಿನಲ್ಲಿ ಆಟವೆಂದರೆ ಲಾರಿಗೆ ಅಡ್ಡ ಓಡುವುದೇ ಆಯಿತು. ಏಳು ವರ್ಷದ ಮಗುವಿಗೆ ಅಭ್ಯಾಸ ಮಾಡಿಸಿದ್ದು ಮೈಗೆ ಹತ್ತುತ್ತದೆ, ‘ಹೀಗೆ ಮಾಡಬಾರದು’ ಎಂಬ ಕೊನೆಯ ಮಾತು ಹತ್ತುವುದಿಲ್ಲ. ತಪ್ಪನ್ನು ಹತ್ತು ಸಲ ಆಡಿಸಿ ಸರಿಯನ್ನು ಒಮ್ಮೆ ಹೇಳಿದರೆ, ಹತ್ತು ಸಲ ಕಲಿಸಿದ್ದು ತಪ್ಪನ್ನೇ.

ಮೂರನೆಯದು ಮಾತಿನ ಹಂಚಿಕೆ. ಒಬ್ಬೊಬ್ಬರಿಗೆ ಎರಡು ಮೂರು ಉದ್ದ ವಾಕ್ಯ. ‘ವಾಹನಗಳು ಬರುತ್ತಿವೆಯೇ ಎಂದು ಗಮನಿಸಿ ಮುಂದುವರಿಯೋಣ’ ಎಂಬ ಸಾಲನ್ನು ತೆಲುಗು ಮನೆಮಾತಿನ ಹುಡುಗಿ ತಪ್ಪಿಲ್ಲದೆ ಒಪ್ಪಿಸಿದಳು. ಅದರ ಅರ್ಥ ಕೇಳಿದಾಗ ಮುಖ ನೋಡಿದಳು. ಒಬ್ಬ ಮಗುವಿಗೆ ಜ್ವರ ಬಂದರೆ ಆ ದಿನ ನಾಟಕವೇ ನಿಲ್ಲುತ್ತಿತ್ತು.

ಇಲ್ಲಿ ಶಿಕ್ಷಕಿ ಆ ನಾಟಕವನ್ನು ಪಕ್ಕಕ್ಕಿಟ್ಟು, ಮೊದಲು ಸಾಲುಗಳನ್ನೇ ಹೊಸದಾಗಿ ಕಟ್ಟಲು ಕೂತರು. ಯಾರಿಗೂ ಸ್ವಂತ ಮಾತಿಲ್ಲ, ಎಲ್ಲ ಮಾತೂ ಎಲ್ಲರದ್ದು. ಒಂದು ಸಾಲಿಗೆ ಮೂರು ನಾಲ್ಕೇ ಪದ. ಆಡುಮಾತಿನಲ್ಲೇ ಇರಬೇಕು. ಪ್ರತಿ ಸಾಲಿಗೂ ಮೈಯ ಒಂದು ಕೆಲಸ ಅಂಟಿರಬೇಕು. ಒಬ್ಬರು ಕೂಗಿ ಕೇಳುವುದು, ಉಳಿದವರು ಒಟ್ಟಿಗೆ ಉತ್ತರಿಸುವುದು. ಹೀಗಿದ್ದರೆ ಒಂದನೇ ತರಗತಿಯ ಮಗುವೂ ಎರಡನೇ ದಿನಕ್ಕೆ ಸೇರಿಕೊಳ್ಳುತ್ತದೆ, ಯಾರು ಗೈರಾದರೂ ಇನ್ನೊಬ್ಬರು ನಿಲ್ಲಬಹುದು.

ಮೊದಲ ಕರಡಿನ ಸಾಲು ‘ಎಡ ನೋಡು, ಬಲ ನೋಡು’ ಎಂದಿತ್ತು. ಬಾಯಿಗೆ ಹಾಗೇ ಬರುತ್ತದೆ, ತಾಳಕ್ಕೂ ಕೂರುತ್ತದೆ. ಆದರೆ ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಬದಿಯಲ್ಲಿ ಓಡುವುದರಿಂದ, ಅಂಚಿನಲ್ಲಿ ನಿಂತವರಿಗೆ ಹತ್ತಿರದ ಲೇನಿನ ಗಾಡಿ ಬಲಗಡೆಯಿಂದಲೇ ಬರುತ್ತದೆ. ಹೆಜ್ಜೆ ಇಟ್ಟ ಮರುಕ್ಷಣ ತಾಗಬಹುದಾದದ್ದು ಅದೇ. ಹಾಗಾಗಿ ಮೊದಲು ಬಲ, ಆಮೇಲೆ ಎಡ, ಹೆಜ್ಜೆ ಎತ್ತುವ ಮುಂಚೆ ಮತ್ತೆ ಬಲ. ಎಡಕ್ಕೆ ನೋಡುವಷ್ಟರಲ್ಲಿ ಬಲಗಡೆಯ ಚಿತ್ರ ಹಳೆಯದಾಗಿರುತ್ತದೆ, ಮೂರನೇ ನೋಟ ಅದಕ್ಕೇ ಬೇಕು. ಸಾಲಿನಲ್ಲಿ ಯಾವುದು ಮೊದಲು ಬರುತ್ತದೋ ಮಗು ಅದನ್ನೇ ಮೊದಲು ಮಾಡುತ್ತದೆ. ಆದ್ದರಿಂದ ತಾಳಕ್ಕಾಗಿ ಈ ಕ್ರಮವನ್ನು ಬಿಟ್ಟುಕೊಡುವ ಹಾಗಿಲ್ಲ.

ಕ್ರಮ ಸರಿಯಾಯಿತು, ಆದರೆ ಎರಡನೇ ತರಗತಿಯ ಬಹಳ ಮಕ್ಕಳಿಗೆ ಬಲ ಯಾವುದು ಎಂಬುದೇ ಗಟ್ಟಿ ಇರುವುದಿಲ್ಲ. ‘ಉಣ್ಣೋ ಕೈ ಕಡೆ’ ಎಂದು ಹೇಳಿ ನೋಡಿದರು. ಒಬ್ಬ ಎಡಚನಿದ್ದ, ಅವನು ಪ್ರತಿ ಸಲ ಆಚೆ ತಿರುಗುತ್ತಿದ್ದ. ಅವನನ್ನು ನೋಡಿ ಪಕ್ಕದ ಇಬ್ಬರೂ ತಿರುಗುತ್ತಿದ್ದರು. ಆಮೇಲೆ ಎಲ್ಲರ ಬಲಗೈ ಮಣಿಕಟ್ಟಿಗೆ ಉಲ್ಲನ್ ದಾರ ಕಟ್ಟುವುದೆಂದಾಯಿತು. ಕೆಂಪು, ಕಪ್ಪು, ಹಳದಿ ಬೇಡವಾದವು, ಏಕೆಂದರೆ ದೇವಸ್ಥಾನ, ದರ್ಗಾಗಳಲ್ಲಿ ಕಟ್ಟಿದ ಆ ಬಣ್ಣದ ದಾರಗಳು ಮಕ್ಕಳ ಎರಡೂ ಕೈಯಲ್ಲಿದ್ದವು. ಹಸಿರೂ ಬೇಡವೆಂದರು, ಮುಂದೆ ಪಟ್ಟಣದಲ್ಲಿ ಹಸಿರು ಎಂದರೆ ಹೋಗು ಎಂದು ಕಲಿಯಬೇಕು. ನೀಲಿ ಉಳಿಯಿತು. ಅಲ್ಲಿಂದ ಬಲಗೈ ‘ನೀಲಿ ಕೈ’, ಎಡಗೈ ‘ಬರಿ ಕೈ’.

ಇನ್ನೊಂದು ಸಣ್ಣ ಎಡವಟ್ಟು ಬೇರೆಯವರಿಗೂ ಖಂಡಿತ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇವೆ. ಹೇಳಿಕೊಡುವವರು ಮಕ್ಕಳಿಗೆ ಎದುರಾಗಿ ನಿಂತು ತಮ್ಮ ಬಲಗೈ ಎತ್ತಿದರೆ ಮಕ್ಕಳು ಕನ್ನಡಿಯಂತೆ ಎಡಗೈ ಎತ್ತುತ್ತಾರೆ. ಮಕ್ಕಳಿಗೆ ಬೆನ್ನು ಮಾಡಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ಹೇಳಿಕೊಡಬೇಕು.

ಹತ್ತು ದಿನದ ಅಭ್ಯಾಸದಲ್ಲಿ ಹಾಡು ಸರಾಗವಾಯಿತು. ‘ನೀಲಿ ಕೈ ಕಡೆ ನೋಡ್ದೆ, ಬರಿ ಕೈ ಕಡೆ ನೋಡ್ದೆ, ನೀಲಿ ಕೈ ಕಡೆ ನೋಡ್ದೆ, ದಾಟ್ದೆ!’ ತಲೆಗಳು ಒಟ್ಟಿಗೆ ತಿರುಗುವುದು ನೋಡಲು ಚೆಂದ. ಆ ಚೆಂದವನ್ನೇ ಶಿಕ್ಷಕಿ ಅನುಮಾನಿಸಿದರು, ಈ ಪ್ರಕರಣ ತಿರುಗಿದ್ದು ಅಲ್ಲಿಂದ. ಒಂದು ದಿನ ಅವರು ಆಟದ ಬಯಲಿನಲ್ಲಿ ಗುರುತು ಮಾಡಿದ ರಸ್ತೆಯ ಬಲತುದಿಯಲ್ಲಿ ಅಡುಗೆಯ ಅಕ್ಕನನ್ನು ಮೂರು ಬೆರಳು ಎತ್ತಿ ನಿಲ್ಲಿಸಿದರು. ಮಕ್ಕಳು ಹಾಡಿ, ತಲೆ ತಿರುಗಿಸಿ ದಾಟಿ ಬಂದ ಮೇಲೆ ‘ಅಕ್ಕ ಎಷ್ಟು ಬೆರಳು ತೋರಿಸಿದ್ರು?’ ಎಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಕ್ಕ ನಿಂತಿದ್ದನ್ನೇ ಕಂಡಿರಲಿಲ್ಲ. ಕತ್ತು ತಿರುಗಿತ್ತು, ಕಣ್ಣು ನೋಡಿರಲಿಲ್ಲ. ಬಾಯಿಪಾಠದ ಸಾಲಿಗೆ ಇರುವ ಅಪಾಯವೇ ಇದು: ಸಾಲು ಸಲೀಸಾದಷ್ಟೂ ಅದು ತನ್ನಷ್ಟಕ್ಕೆ ಓಡುತ್ತದೆ, ರಸ್ತೆಯಲ್ಲಿ ಟಿಪ್ಪರ್ ಇದ್ದರೂ ‘ದಾಟ್ದೆ’ ಎಂದೇ ಮುಗಿಯುತ್ತದೆ.

ಪರಿಹಾರಕ್ಕೆ ಸಾಲನ್ನು ಉದ್ದ ಮಾಡಲಿಲ್ಲ. ನಡುವೆ ಒಂದು ಪದದಷ್ಟು ಜಾಗ ಖಾಲಿ ಬಿಟ್ಟರು. ಕೂಗುವವರು ‘ಏನೈತೆ?’ ಎಂದು ಕೇಳುತ್ತಾರೆ; ಮಕ್ಕಳು ಕಂಡದ್ದನ್ನು ಹೇಳಬೇಕು. ‘ಟೆಂಪೋ ಐತೆ’, ‘ಬೈಕ್ ಐತೆ’, ಏನೂ ಇಲ್ಲದಿದ್ದರೆ ‘ಖಾಲಿ ಐತೆ’. ನೋಡದೆ ಆ ಒಂದು ಪದ ಹೇಳಲು ಬರುವುದಿಲ್ಲ. ಮುಂದಿನ ಸಾಲು ಅದನ್ನೇ ಅವಲಂಬಿಸಿದೆ: ಗಾಡಿ ಇದ್ದರೆ ‘ನಿಲ್ಲು’, ಖಾಲಿ ಇದ್ದರೆ ಮುಂದಿನ ನೋಟ. ಮೊದಲು ‘ಗಾಡಿ ಇಲ್ಲ’ ಎಂದೇ ಹೇಳಿಸಿದ್ದರು. ಇಪ್ಪತ್ತು ಮಕ್ಕಳು ಒಟ್ಟಿಗೆ ಕಿರುಚಿದಾಗ ‘ಇಲ್ಲ’ ಮತ್ತು ‘ನಿಲ್ಲು’ ಒಂದೇ ಥರ ಕೇಳಿಸುತ್ತಿತ್ತು, ಕೆಲವರು ನಿಂತರೆ ಕೆಲವರು ನಡೆದರು. ‘ಖಾಲಿ’ಗೆ ಆ ಗೊಂದಲವಿಲ್ಲ, ಕನ್ನಡ, ತೆಲುಗು, ಉರ್ದು ಮೂರೂ ಮನೆಗಳಲ್ಲಿ ಅದೇ ಪದ ನಡೆಯುತ್ತದೆ ಕೂಡ. ಟೆಂಪೋ, ಬಸ್ಸು, ಟ್ರ್ಯಾಕ್ಟರ್‌ಗಂತೂ ಭಾಷೆಯ ಹಂಗೇ ಇಲ್ಲ.

ಇದಕ್ಕೆ ತಕ್ಕಂತೆ ರಂಗದ ಏರ್ಪಾಡೂ ಬದಲಾಯಿತು. ಬಯಲಿನಲ್ಲಿ ಸುಣ್ಣದ ಪುಡಿಯಿಂದ 7 ಮೀಟರ್ ಅಂತರದಲ್ಲಿ ಎರಡು ಗೆರೆ, ನಿಜವಾದ ರಸ್ತೆಯಷ್ಟೇ ಅಗಲ. ವೇದಿಕೆಯ ಮೇಲೆ ಎರಡು ಮೀಟರಿನ ರಸ್ತೆ ಬರೆದರೆ ಮಕ್ಕಳಿಗೆ ಎರಡೇ ಜಿಗಿತದಲ್ಲಿ ಮುಗಿಯುವ ಅಭ್ಯಾಸವಾಗುತ್ತದೆ, ಆದ್ದರಿಂದ ನಾಟಕ ವೇದಿಕೆ ಬಿಟ್ಟು ಕೆಳಗೆ ಬಂತು. ಎರಡೂ ತುದಿಗೆ ಹಳೇ ಸೀರೆಯ ಪರದೆ. ಪರದೆಯ ಹಿಂದೆ ಮೂರನೇ ತರಗತಿಯ ಇಬ್ಬಿಬ್ಬರು, ಕೊರಳಿಗೆ ರಟ್ಟಿನ ಫಲಕ: ಟೆಂಪೋ, ಬೈಕ್, ಟ್ರ್ಯಾಕ್ಟರ್, ಬಸ್. ಯಾವಾಗ ಯಾವುದು ಹೊರಡಬೇಕೆಂದು ಶಿಕ್ಷಕಿ ಬೆರಳಲ್ಲಿ ಸನ್ನೆ ಮಾಡುತ್ತಾರೆ. ಮೇಳದ ಮಕ್ಕಳು ಗೆರೆಯ ಅಂಚಿಗೇ ಸಾಲಾಗಿ ನಿಲ್ಲುತ್ತಾರೆ, ಅವರೂ ನೋಡಿಯೇ ಹೇಳಬೇಕು. ಪೂರ್ತಿ ಪಠ್ಯ ಇಷ್ಟೇ.

ಮೊದಲ ನೋಟ, ಅಂಚು

ಕೂಗುವವರು: ಅಂಚು ಬಂತು!
ಎಲ್ಲರೂ: ನಿಲ್ಲು, ನಿಲ್ಲು! (ಎರಡೂ ಪಾದ ಜೋಡಿಸಿ, ಗೆರೆಗಿಂತ ಒಂದು ಹೆಜ್ಜೆ ಹಿಂದೆ)
ಕೂಗುವವರು: ಕೈ ಎಲ್ಲೈತೆ?
ಎಲ್ಲರೂ: ದೊಡ್ಡೋರ್ ಕೈಲಿ!
ಕೂಗುವವರು: ನೀಲಿ ಕೈ ಕಡೆ ಏನೈತೆ?
ಎಲ್ಲರೂ: (ನೋಡಿ) ಟೆಂಪೋ ಐತೆ!
ಕೂಗುವವರು: ಏನ್ ಮಾಡೋಣ?
ಎಲ್ಲರೂ: ನಿಲ್ಲು, ನಿಲ್ಲು! ಹೋಗ್ಲಿ, ಹೋಗ್ಲಿ!
(ಗಾಡಿ ದಾಟಿಹೋದ ಮೇಲೆ ಮೊದಲಿಂದ)
ಕೂಗುವವರು: ನೀಲಿ ಕೈ ಕಡೆ ಏನೈತೆ?
ಎಲ್ಲರೂ: ಖಾಲಿ ಐತೆ!
ಕೂಗುವವರು: ಬರಿ ಕೈ ಕಡೆ ಏನೈತೆ?
ಎಲ್ಲರೂ: ಖಾಲಿ ಐತೆ!
ಕೂಗುವವರು: ಮತ್ತೆ ನೀಲಿ ಕೈ?
ಎಲ್ಲರೂ: ಖಾಲಿ ಐತೆ!
ಕೂಗುವವರು: ಏನ್ ಮಾಡೋಣ?
ಎಲ್ಲರೂ: ದಾಟು, ದಾಟು! ಓಡ್ಬೇಡ!

ಎರಡನೇ ನೋಟ, ಬಸ್ಸು

(ಬಸ್ಸಿನ ಫಲಕದವರು ಬಂದು ನಿಲ್ಲುತ್ತಾರೆ. ಇಬ್ಬರು ಇಳಿಯುತ್ತಾರೆ.)
ಕೂಗುವವರು: ಬಸ್ಸಿನ ಮುಂದೆ?
ಎಲ್ಲರೂ: ದಾಟ್ಬೇಡ!
ಕೂಗುವವರು: ಬಸ್ಸಿನ ಹಿಂದೆ?
ಎಲ್ಲರೂ: ದಾಟ್ಬೇಡ!
ಕೂಗುವವರು: ಏನ್ ಮಾಡೋಣ?
ಎಲ್ಲರೂ: ನಿಲ್ಲು, ನಿಲ್ಲು! ಹೋಗ್ಲಿ, ಹೋಗ್ಲಿ!
(ಬಸ್ಸು ಹೋಗುತ್ತದೆ. ‘ಅಂಚು ಬಂತು’ ಇಂದ ಮೊದಲ ನೋಟ ಪೂರ್ತಿ.)

ಮೂರನೇ ನೋಟ, ಅಜ್ಜಿ

ಅಜ್ಜಿ (ಆಚೆ ಬದಿಯಿಂದ): ಬಾ ಮಗ, ಬೇಗ ಬಾ!
ಕೂಗುವವರು: ಅಜ್ಜಿ ಕರೀತಾಳೆ, ಏನ್ ಮಾಡೋಣ?
ಎಲ್ಲರೂ: ನಿಲ್ಲು, ನಿಲ್ಲು!
ಎಲ್ಲರೂ (ಅಜ್ಜಿಗೆ): ಅಜ್ಜಿ ಅಜ್ಜಿ, ನೀನೇ ಬಾ!
(ಅಜ್ಜಿ ಎರಡೂ ಕಡೆ ನೋಡಿಕೊಂಡು ದಾಟಿ ಬಂದು ಮಗುವಿನ ಮಣಿಕಟ್ಟು ಹಿಡಿಯುತ್ತಾಳೆ. ಮತ್ತೆ ‘ಅಂಚು ಬಂತು’.)

ಇದರಲ್ಲಿ ನಾಲ್ಕೇ ನಾಲ್ಕು ಮಾತು ಮೂರು ನೋಟದಲ್ಲೂ ತಿರುಗಿ ತಿರುಗಿ ಬರುತ್ತವೆ: ನಿಲ್ಲು, ಏನೈತೆ, ಹೋಗ್ಲಿ, ದಾಟು. ಯಾವ ಗಾಡಿಯೂ ಮಗುವಿಗಾಗಿ ನಿಲ್ಲುವುದಿಲ್ಲ. ಮೊದಲ ಅಭ್ಯಾಸದಲ್ಲಿ ಟೆಂಪೋ ಆಗಿದ್ದ ಹುಡುಗ ಸ್ನೇಹಿತರನ್ನು ಕಂಡು ತಾನಾಗೇ ಬ್ರೇಕ್ ಹಾಕಿ ಕೈ ಬೀಸಿ ಕರೆಯುತ್ತಿದ್ದ. ಅದನ್ನು ಬಿಡಿಸಲು ಸ್ವಲ್ಪ ದಿನ ಬೇಕಾಯಿತು. ನಾಟಕದಲ್ಲಿ ಗಾಡಿ ನಿಂತರೆ ಮಗು ‘ನಾನು ಹೋದರೆ ಗಾಡಿ ನಿಲ್ಲುತ್ತದೆ’ ಎಂದು ಕಲಿಯುತ್ತದೆ. ಬೀಳುವ ಪಾತ್ರ ಪೂರ್ತಿ ಹೋಯಿತು. ಯಾರಾದರೂ ಅವಸರದಲ್ಲಿ ಕಾಲೆತ್ತಿದರೆ ಮೇಳ ‘ನಿಲ್ಲು’ ಎನ್ನುತ್ತದೆ, ಕಾಲು ಕೆಳಗಿಳಿಯುತ್ತದೆ, ಅಷ್ಟಕ್ಕೇ ತಪ್ಪು ಮುಗಿಯುತ್ತದೆ.

ಗಾಡಿ ಹೋದ ಮೇಲೆ ಮತ್ತೆ ‘ನೀಲಿ ಕೈ’ ಇಂದಲೇ ಶುರು ಮಾಡುವುದು ಮಕ್ಕಳಿಗೆ ಬೇಸರ ತರಿಸುತ್ತಿತ್ತು. ಎಡಗಡೆ ನೋಡುವಾಗ ಬೈಕ್ ಬಂದು ಹೋದರೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಅಲ್ಲಿ ಶಿಕ್ಷಕಿ ಸಡಿಲ ಬಿಡಲಿಲ್ಲ. ಬೈಕ್ ಹೋಗುವವರೆಗೆ ಕಾದ ಹೊತ್ತಿನಲ್ಲಿ ಬಲಗಡೆ ಇನ್ನೊಂದು ಬಂದಿರುತ್ತದೆ ಎಂಬುದನ್ನು ಮಾತಲ್ಲಿ ವಿವರಿಸದೆ, ಪ್ರತಿ ಸಲವೂ ಅದೇ ಹೊತ್ತಿಗೆ ಬಲ ಪರದೆಯಿಂದ ಟ್ರ್ಯಾಕ್ಟರ್ ಕಳಿಸಿದರು. ಮೂರನೇ ಸಲಕ್ಕೆ ಮಕ್ಕಳೇ ಮೊದಲಿಗೆ ಹೋದರು.

ಜನವರಿ 26 ಹತ್ತಿರವಾದಾಗ ಇನ್ನೊಂದು ತೀರ್ಮಾನ ಎದುರಾಯಿತು. ಊರವರ ಮುಂದೆ, ಅತಿಥಿಗಳ ಮುಂದೆ ಎಡವಟ್ಟಾಗಬಾರದೆಂದು ಮುಖ್ಯಶಿಕ್ಷಕರು ಗಾಡಿಗಳ ಸರದಿ ನಿಗದಿ ಮಾಡಿಸಿದರು: ಮೊದಲು ಟೆಂಪೋ, ಆಮೇಲೆ ಬೈಕ್, ಕೊನೆಗೆ ಖಾಲಿ. ಎರಡೇ ಅಭ್ಯಾಸಕ್ಕೆ ಮಕ್ಕಳು ಪರದೆ ಅಲುಗುವ ಮುಂಚೆಯೇ ‘ಟೆಂಪೋ ಐತೆ’ ಎಂದು ಕೂಗತೊಡಗಿದರು. ಖಾಲಿ ಬಿಟ್ಟ ಜಾಗ ಮತ್ತೆ ಬಾಯಿಪಾಠದಿಂದ ತುಂಬಿತ್ತು. ಶಿಕ್ಷಕಿ ಬೆರಳು ಎಣಿಸುವ ಪರೀಕ್ಷೆಯನ್ನು ಮುಖ್ಯಶಿಕ್ಷಕರ ಎದುರೇ ಮತ್ತೊಮ್ಮೆ ಮಾಡಿ ತೋರಿಸಿದರು. ಸರದಿ ರದ್ದಾಯಿತು. ಕಾರ್ಯಕ್ರಮದ ದಿನ ಒಮ್ಮೆ ಅರ್ಧ ಮೇಳ ‘ಖಾಲಿ’ ಎಂದಿತು, ಅರ್ಧ ‘ಬೈಕ್’ ಎಂದಿತು, ಜನ ನಕ್ಕರು. ಕೂಗುವ ಹುಡುಗಿ ಸುಮ್ಮನೆ ಇನ್ನೊಮ್ಮೆ ‘ಏನೈತೆ?’ ಎಂದು ಕೇಳಿದಳು. ನಮ್ಮ ಮಟ್ಟಿಗೆ ಆ ದಿನದ ಅತ್ಯುತ್ತಮ ಗಳಿಗೆ ಅದೇ. ಎರಡು ಉತ್ತರ ಬಂದರೆ ನಿಂತು ಮತ್ತೆ ನೋಡಬೇಕೆಂಬುದು ಪಠ್ಯದಲ್ಲಿ ಇರಲಿಲ್ಲ.

ನಿಜವಾದ ರಸ್ತೆಗೆ ಹೋದಾಗ ನಾಟಕ ಉತ್ತರಿಸದ ಒಂದು ಪ್ರಶ್ನೆ ಎದ್ದಿತು. ಬಯಲಿನಲ್ಲಿ ಪರದೆ ಇದೆ, ಅದರಾಚೆ ಏನೂ ಇಲ್ಲ. ರಸ್ತೆಯಲ್ಲಿ ಎಲ್ಲಿಯವರೆಗೆ ಖಾಲಿ ಇದ್ದರೆ ಖಾಲಿ? ಈ ವಯಸ್ಸಿನ ಮಕ್ಕಳಿಗೆ ಬರುತ್ತಿರುವ ಗಾಡಿಯ ವೇಗ ಅಳೆಯಲು ಬರುವುದಿಲ್ಲ; ಗಾಡಿ ಎಷ್ಟು ದೂರದಲ್ಲಿದೆ ಎಂಬುದನ್ನಷ್ಟೇ ನೋಡಿ ತೀರ್ಮಾನಿಸುವುದೇ ಹೆಚ್ಚು. ಅದಕ್ಕಾಗಿ ಲೆಕ್ಕವನ್ನು ದೊಡ್ಡವರು ಮಾಡಿದರು. ಮಗು ಓಡದೆ ನಡೆದರೆ 7 ಮೀಟರ್ ದಾಟಲು ಸುಮಾರು ಏಳು ಸೆಕೆಂಡ್. ಗಂಟೆಗೆ 60 ಕಿ.ಮೀ. ವೇಗದ ಟೆಂಪೋ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಬರುತ್ತದೆ, ಏಳು ಸೆಕೆಂಡಿಗೆ 120 ಮೀಟರ್ ಆಯಿತು. ಅಂದರೆ ಕನಿಷ್ಠ 150 ಮೀಟರ್‌ವರೆಗೆ ರಸ್ತೆ ಕಾಣಬೇಕು, ದೊಡ್ಡವರ ಮಾಮೂಲಿ ಹೆಜ್ಜೆಯಲ್ಲಿ 200 ಹೆಜ್ಜೆ. ಶಾಲೆಯ ಗೇಟಿನ ಎದುರಿನಿಂದ ಅಳೆದರೆ ಒಂದು ಕಡೆ 80 ಹೆಜ್ಜೆಗೇ ತಿರುವು. ಎಲ್ಲರೂ ದಿನಾ ದಾಟುತ್ತಿದ್ದದ್ದು ಅಲ್ಲಿಯೇ.

ತಿರುವಿನಿಂದ ದೂರಕ್ಕೆ 120 ಹೆಜ್ಜೆ ಸರಿದರೆ ಆ ಕಡೆ 200 ಹೆಜ್ಜೆ ಕಾಣುತ್ತದೆ, ಇನ್ನೊಂದು ಕಡೆ ರಸ್ತೆ ನೆಟ್ಟಗಿದೆ, 200 ಹೆಜ್ಜೆ ದಾಟಿ ಒಂದು ಹುಣಸೆಮರವಿದೆ. ದಾಟುವ ಜಾಗವನ್ನು ಶಾಲಾ ಅಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸಭೆಯಲ್ಲಿ ಅಲ್ಲಿಗೆ ಬದಲಿಸಿ, ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲು ನೆಟ್ಟರು. ಮಕ್ಕಳಿಗೆ ‘ಖಾಲಿ’ ಎಂದರೆ ಒಂದು ಕಡೆ ತಿರುವಿನವರೆಗೂ, ಇನ್ನೊಂದು ಕಡೆ ಮರದವರೆಗೂ ಏನೂ ಇರಬಾರದು. ಇದ್ದರೆ ಅದು ನಿಧಾನವೋ ಜೋರೋ, ನಿಲ್ಲುವುದೇ. ಬೆಳಿಗ್ಗೆ ಟೊಮ್ಯಾಟೊ ಹೊತ್ತಿನಲ್ಲಿ ಹೀಗೆ ಕಾದರೆ ಎಷ್ಟೋ ಹೊತ್ತು ಖಾಲಿ ಆಗುವುದೇ ಇಲ್ಲ. ಗಾಡಿಯನ್ನು ನಿಲ್ಲಿಸಿ ದಾಟಿಸುವುದು ದೊಡ್ಡವರ ಕೆಲಸ. ‘ದೊಡ್ಡೋರ್ ಕೈಲಿ’ ಎಂಬ ಸಾಲು ಪಠ್ಯದಲ್ಲಿ ಇರುವುದೂ ಅದಕ್ಕೇ. ಎರಡನೇ ತರಗತಿಯ ಮಗು ಈ ನಾಟಕ ಎಷ್ಟೇ ಚೆನ್ನಾಗಿ ಆಡಿದರೂ ಇಂಥ ರಸ್ತೆಯನ್ನು ಒಂಟಿಯಾಗಿ ದಾಟಬಾರದು. ಐದನೇ ತರಗತಿಯ ಅಣ್ಣ, ಅಕ್ಕಂದಿರನ್ನು ದೊಡ್ಡವರೆಂದು ಎಣಿಸಬಹುದೇ ಎಂಬ ಪ್ರಶ್ನೆ ಬಂದಾಗ ಬೇಡವೆಂದೇ ತೀರ್ಮಾನಿಸಿದರು, ಏಕೆಂದರೆ ಅವರು ತಮ್ಮಂದಿರನ್ನು ಬೆರಳು ಹಿಡಿದು ಎಳೆದುಕೊಂಡು ಓಡುವುದನ್ನು ಎಲ್ಲರೂ ನೋಡಿದ್ದರು. ಬೆರಳು ಜಾರುತ್ತದೆ; ಹಿಡಿಯಬೇಕಾದದ್ದು ಮಣಿಕಟ್ಟು.

ನೀಲಿ ದಾರದ ಇನ್ನೊಂದು ಪ್ರಯೋಜನ ಸಂಜೆ ಗೊತ್ತಾಯಿತು. ಬೆಳಿಗ್ಗೆ ಶಾಲೆಗೆ ಹೋಗುವಾಗ ಬಲಗಡೆ ತಿರುವು, ಸಂಜೆ ಮನೆಗೆ ಹೋಗುವಾಗ ಬಲಗಡೆ ಹುಣಸೆಮರ. ‘ಮೊದಲು ತಿರುವಿನ ಕಡೆ ನೋಡಿ’ ಎಂದು ಕಲಿಸಿದ್ದರೆ ವಾಪಸ್ ಬರುವಾಗ ಕ್ರಮ ತಲೆಕೆಳಗಾಗುತ್ತಿತ್ತು. ಗುರುತು ಮಗುವಿನ ಮೈಮೇಲೆ ಇದ್ದದ್ದರಿಂದ ಎರಡೂ ಹೊತ್ತಿಗೂ ಅದೇ ಸಾಲು ಸರಿಹೋಯಿತು. ಅಲ್ಲಿಂದ ಬಯಲಿನ ಅಭ್ಯಾಸವನ್ನೂ ಎರಡೂ ಬದಿಯಿಂದ ಮಾಡಿಸಿದರು.

ಮಾರ್ಚ್ ಹೊತ್ತಿಗೆ ಕಂಡದ್ದು: ಎರಡನೇ ತರಗತಿಯ ಹೆಚ್ಚಿನ ಮಕ್ಕಳು ಅಂಚಿನಲ್ಲಿ ಪಾದ ಜೋಡಿಸಿ ನಿಲ್ಲುತ್ತಿದ್ದರು, ಬಾಯಲ್ಲಿ ಗಾಡಿಯ ಹೆಸರು ಹೇಳುತ್ತಿದ್ದರು. ಬಸ್ಸಿನ ನೋಟ ಅಷ್ಟು ಹಿಡಿಯಲಿಲ್ಲ. ಬಸ್ಸಿಳಿದ ದೊಡ್ಡವರೆಲ್ಲ ಅದರ ಮುಂದೆಯೇ ನುಗ್ಗಿ ದಾಟುವಾಗ ಮಗು ಕೈ ಬಿಡಿಸಿಕೊಂಡು ನಿಲ್ಲುವುದು ಕಷ್ಟ. ಅಜ್ಜಿಯ ನೋಟ ಮಕ್ಕಳಿಗಿಂತ ನೋಡಲು ಬಂದಿದ್ದವರಿಗೆ ತಾಗಿತು. ಆಚೆ ಬದಿಯಿಂದ ಕೂಗಿ ಕರೆಯುವುದು ಕಡಿಮೆಯಾಯಿತೆಂದು ಅಡುಗೆಯ ಅಕ್ಕ ಹೇಳಿದರು. ಸುಣ್ಣದ ಕಲ್ಲಿನವರೆಗೆ ನಡೆಯುವ ಮನೆಗಳು ಇವೆ, ಗೇಟಿನ ಎದುರೇ ದಾಟಿಸುವ ಮನೆಗಳೂ ಇವೆ. 120 ಹೆಜ್ಜೆ ಹೋಗಿ ಮತ್ತೆ ಅಷ್ಟೇ ಹಿಂದೆ ಬರುವುದು ಕೂಲಿಗೆ ಹೊರಟವರಿಗೆ ದೂರವೇ.

ನಾಟಕಕ್ಕೆ ಹೆಲ್ಮೆಟ್, ಸೀಟ್ ಬೆಲ್ಟ್, ಸಿಗ್ನಲ್ ದೀಪ ಸೇರಿಸಬೇಕೆಂಬ ಸಲಹೆಗಳು ಬಂದವು. ಸೇರಿಸಲಿಲ್ಲ. ಆರು ನಿಮಿಷದಲ್ಲಿ ದಾಟುವ ಕ್ರಮವೊಂದು ಆರು ಸಲ ಬರುವುದು, ಆರು ವಿಷಯ ಒಂದೊಂದು ಸಲ ಬರುವುದಕ್ಕಿಂತ ಮೇಲು ಎಂಬುದು ಅಲ್ಲಿನವರ ಲೆಕ್ಕ, ನಮ್ಮದೂ ಅದೇ. ಬೇರೆ ಶಾಲೆಯವರು ಇದನ್ನು ಎತ್ತಿಕೊಳ್ಳುವುದಾದರೆ ಫಲಕದ ಮೇಲೆ ತಮ್ಮ ರಸ್ತೆಯ ಗಾಡಿಗಳನ್ನು ಬರೆಯಲಿ, 200 ಹೆಜ್ಜೆಯನ್ನು ತಮ್ಮ ಗೇಟಿನ ಎದುರು ನಡೆದು ಅಳೆಯಲಿ. ನೀಲಿ ದಾರ ವಾರದಲ್ಲಿ ಸವೆದು ಬೀಳುತ್ತದೆ, ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ಹೊಸದು ಕಟ್ಟಬೇಕು. ಕಟ್ಟುವಾಗ ಮಗುವಿನ ಎದುರು ಕೂರದೆ ಪಕ್ಕದಲ್ಲಿ ಕೂತು ಕಟ್ಟಿದರೆ ಕೈ ತಪ್ಪುವುದಿಲ್ಲ. ತಿಂಗಳಿಗೊಮ್ಮೆ ಬೆರಳು ಎಣಿಸುವ ಪರೀಕ್ಷೆ ಮುಂದುವರಿದಿದೆ, ಈಗ ಅದನ್ನು ರಸ್ತೆಯಂಚಿನಲ್ಲೇ, ಒಬ್ಬೊಬ್ಬ ಮಗುವಿನ ಮಣಿಕಟ್ಟು ಹಿಡಿದು ಮಾಡುತ್ತಾರೆ.